ರಷ್ಯನ್ನಿಗೆ ಯ-ಒತ್ತು ಹಾಕಬೇಡಿ

“ಅಣ್ಣಾ, ಇಲ್ಲಿ ಇದ್ದಿಲು ಕೇಳಿದ್ರೆ ಮೂಲೆ ತೋರಿಸ್ತಾರಣ್ಣ.”

ರಾತ್ರಿ ಹತ್ತೂವರೆಗೆ ಬಂದ ಫೋನಿನ ಮೊದಲ ವಾಕ್ಯವೇ ಇದು. ಮಾತಾಡ್ತಾ ಇದ್ದಿದ್ದು ನಮ್ಮ ಚಿಕ್ಕಪ್ಪನ ಮಗ. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಿಂದ ಡಾಕ್ಟರ್ ಓದೋಕೆ ಅಂತ ರಷ್ಯಾದ ಕಜಾನ್ ಊರಿಗೆ ಹೋಗಿ ಆಗಿನ್ನೂ ನಾಲ್ಕು ತಿಂಗಳು. ಹೊಟ್ಟೆ ಕೆಟ್ಟಿತ್ತು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ, “ಮೆಡಿಕಲ್ ಶಾಪಿಗೆ ಹೋಗಿ ಇದ್ದಿಲ ಮಾತ್ರೆ ಕೇಳು” ಅಂದಿದ್ದಾನೆ. ಅಲ್ಲಿ ಹೊಟ್ಟೆ ಕೆಟ್ಟರೆ ಕಪ್ಪು ಕಪ್ಪಾದ ಇದ್ದಿಲ ಮಾತ್ರೆ ನುಂಗೋದು ಮಾಮೂಲು, ಎಲ್ಲ ಔಷಧಿ ಅಂಗಡೀಲೂ ಸಿಗುತ್ತೆ. ಇದ್ದಿಲಿಗೆ ರಷ್ಯನ್ನಿನಲ್ಲಿ ಹೆಚ್ಚುಕಮ್ಮಿ ‘ಊಗಲ್’ ಅಂತಾರೆ. ಮೂಲೆಗೂ ಹೆಚ್ಚುಕಮ್ಮಿ ‘ಊಗಲ್’ ಅಂತಾರೆ. ಆ ಹೆಚ್ಚುಕಮ್ಮಿಯಲ್ಲೇ ಇರೋದು ಎಲ್ಲ.

ಇವನು “ಊಗಲ್ ಕೊಡಿ” ಅಂದ. ಅಂಗಡಿಯಾಕೆ ತಿರುಗಿ ಅಂಗಡಿಯ ಮೂಲೆ ನೋಡಿದರಂತೆ. ಇವನಿಗೆ ಕೋಚಿಂಗಿನಲ್ಲಿ ಹೇಳಿಕೊಟ್ಟಿದ್ದು ನೆನಪಾಗಿ, ಕೊನೆಗೊಂದು ಯಕಾರ ಸೇರಿಸಿ “ಊಗಲ್ಯ” ಅಂದ. ಆಕೆಗೆ ಇನ್ನೂ ಗೊಂದಲ. ಕೊನೆಗೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿ ಮಾತ್ರೆ ತಂದ.

ನಾನು ನಕ್ಕೆ. ಆಮೇಲೆ ಅವನು ಕೋಚಿಂಗಿನವರು ಕೊಟ್ಟಿದ್ದ ಹಾಳೆಯ ಫೋಟೋ ಕಳಿಸಿದ. ಅದನ್ನು ನೋಡಿದ ಮೇಲೆ ನಗು ಬರಲಿಲ್ಲ. ರಷ್ಯನ್ನಿನ ಮೆದು ವ್ಯಂಜನದ ಬಗ್ಗೆ ಅದರಲ್ಲಿ ಇದ್ದಿದ್ದು ಇಂಗ್ಲಿಷಿನ ಒಂದೇ ಒಂದು ಸಾಲು: ವ್ಯಂಜನದ ಹಿಂದೆ ಸಣ್ಣದೊಂದು ‘ವೈ’ ಸೇರಿಸಿ. ಅಂದರೆ ನಮ್ಮ ಲೆಕ್ಕದಲ್ಲಿ ಯ-ಒತ್ತು. ಇದು ಸುಳ್ಳು. ಅದೂ ಕನ್ನಡದ ಹುಡುಗನಿಗೆ ಹೇಳಬಾರದ ಸುಳ್ಳು, ಯಾಕಂದ್ರೆ ಇಂಗ್ಲಿಷಿನವರಿಗಿಲ್ಲದ ಅನುಕೂಲಗಳು ಅವನ ಬಾಯಲ್ಲಿ ಹುಟ್ಟಿನಿಂದಲೇ ಇವೆ. ಅವನ್ನೆಲ್ಲ ಪಕ್ಕಕ್ಕಿಟ್ಟು, ಇಂಗ್ಲಿಷಿನವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಊರುಗೋಲನ್ನು ನೆಟ್ಟಗೆ ನಡೆಯೋ ಹುಡುಗನ ಕೈಗೆ ಕೊಟ್ಟಿದ್ದಾರೆ. ದುಡ್ಡು ತಗೊಂಡು.

ನನಗೂ ರಷ್ಯನ್ ಮಹಾ ಏನಲ್ಲ. ಕೆಲವು ವರ್ಷದ ಹಿಂದೆ ನಮ್ಮ ಪ್ರಾಜೆಕ್ಟಿನ ಟೆಸ್ಟಿಂಗ್ ತಂಡ ಪೂರ್ತಿ ರಷ್ಯಾದಲ್ಲಿತ್ತು. ದಿನಾ ಕಾಲ್‌ನಲ್ಲಿ ಮಾತಾಡ್ತಾ ಆಸಕ್ತಿ ಹುಟ್ಟಿ ಕಲಿಯೋಕೆ ಶುರು ಮಾಡಿದೆ. ಯ-ಒತ್ತಿನ ಸುಳ್ಳನ್ನು ನಾನೂ ಎರಡು ವರ್ಷ ನಂಬಿದ್ದೆ. ಅದಕ್ಕೇ ಈ ಸಿಟ್ಟು.

ಮೊದಲು ಪದದ ಗೊಂದಲ ಬಗೆಹರಿಸಿಬಿಡೋಣ. ರಷ್ಯನ್ನರು ತಮ್ಮ ವ್ಯಂಜನಗಳನ್ನು ಗಡುಸು, ಮೆದು ಅಂತ ಎರಡು ಗುಂಪು ಮಾಡ್ತಾರೆ. ಇದನ್ನು ಕನ್ನಡಕ್ಕೆ ತರುವವರು ‘ಕರ್ಕಶ ವ್ಯಂಜನ’, ‘ಮೃದು ವ್ಯಂಜನ’ ಅಂದುಬಿಟ್ಟರೆ ಕೆಟ್ಟಿತು ಕೆಲಸ. ನಮ್ಮ ವ್ಯಾಕರಣದಲ್ಲಿ ಆ ಹೆಸರುಗಳು ಬೇರೆ ಕೆಲಸಕ್ಕೆ ಆಗಲೇ ಬುಕ್ ಆಗಿವೆ. ಕ, ತ, ಪ ಕರ್ಕಶ. ಗ, ದ, ಬ ಮೃದು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತಲ್ಲ, ಹೈಸ್ಕೂಲಿನ ಆದೇಶಸಂಧಿ, ಅದು. ರಷ್ಯನ್ನಿನ ಗಡುಸು-ಮೆದುಗೂ ಇದಕ್ಕೂ ಸಂಬಂಧವಿಲ್ಲ. ರಷ್ಯನ್ನಿನಲ್ಲಿ ಕಕಾರಕ್ಕೂ ಒಂದು ಮೆದು ರೂಪ ಇದೆ, ಗಕಾರಕ್ಕೂ ಒಂದು ಗಡುಸು ರೂಪ ಇದೆ. ಇಂಥ ಜೋಡಿಗಳು ಸುಮಾರು 15. ಅದಕ್ಕೇ ನಾನು ಗಡುಸು, ಮೆದು ಅಂತಲೇ ಹೇಳ್ತೀನಿ. ಬರೆಯುವಾಗ ಮೆದು ವ್ಯಂಜನದ ಪಕ್ಕ ಮೇಲೊಂದು ಸಣ್ಣ ಗೀಟು ಹಾಕ್ತೀನಿ. ಹಾಗಾಗಿ ಊಗಲ್ ಅಂದ್ರೆ ಮೂಲೆ, ಊಗಲ್’ ಅಂದ್ರೆ ಇದ್ದಿಲು.

ಇಷ್ಟು ಸಣ್ಣ ಗೀಟಿಗೆ ಇಷ್ಟು ದೊಡ್ಡ ಗಲಾಟೆ ಯಾಕೆ ಅನ್ನೋರಿಗೆ ಒಂದು ಪ್ರಶ್ನೆ. ಆಫೀಸಿನಲ್ಲಿ ಉತ್ತರ ಭಾರತದ ಗೆಳೆಯರು ಯಾರಾದರೂ “ಸಾಂಬಾರಿಗೆ ಹುಲಿ ಕಮ್ಮಿ ಆಗಿದೆ” ಅಂದಾಗ ನಾವು ನಗಲ್ವಾ? ಹುಳಿ ಬೇರೆ, ಹುಲಿ ಬೇರೆ, ಇದು ಇವರಿಗೆ ಹೇಗೆ ಕೇಳಿಸಲ್ಲ ಅಂತ ಆಶ್ಚರ್ಯ ಪಡಲ್ವಾ? ಬಳೆ-ಬಲೆ, ಹಳ್ಳಿ-ಹಲ್ಲಿ ನಮಗೆಷ್ಟು ದೂರವೋ ಊಗಲ್-ಊಗಲ್’ ರಷ್ಯನ್ನರಿಗೆ ಅಷ್ಟೇ ದೂರ. ಅವರು ಅದನ್ನು ಕಷ್ಟಪಟ್ಟು ಕೇಳಿಸಿಕೊಳ್ಳಲ್ಲ. ಅವರಿಗೆ ಅವು ಬೇರೆ ಬೇರೆ ಶಬ್ದ, ಅಷ್ಟೇ.

ಇನ್ನೊಂದು ಕಡೆಯ ಅನುಭವವೂ ನನಗಿದೆ. ನಮ್ಮೂರಲ್ಲಿ ಹಾಲು ಅನ್ನೋದು ‘ಆಲು’, ಭಾಷೆ ಅನ್ನೋದು ‘ಬಾಸೆ’. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ನಾನು ‘ಆಸನ’ ಅಂದರೆ ಕೂರೋ ಆಸನವಾ, ಹಾಸನವಾ ಅಂತ ಇಡೀ ಬೆಂಚು ನಗ್ತಿತ್ತು. ನನಗೆ ಆಗ ಸಿಟ್ಟು ಬರ್ತಿದ್ದಿದ್ದು ನಗುವಿಗಲ್ಲ. “ಹಕಾರ ಸರಿಯಾಗಿ ಹೇಳೋ” ಅಂತ ಎಲ್ಲರೂ ಹೇಳ್ತಿದ್ದರು, ಬಾಯಲ್ಲಿ ಏನು ಮಾಡಬೇಕು ಅಂತ ಒಬ್ಬನೂ ಹೇಳ್ತಿರಲಿಲ್ಲ. ‘ಸಣ್ಣ ವೈ ಸೇರಿಸಿ’ ಅನ್ನೋದೂ ಅದೇ ಜಾತಿಯ ಪಾಠ.

ಸರಿ, ಬಾಯಲ್ಲಿ ಏನು ಮಾಡಬೇಕು? ಈಗ ಓದ್ತಾ ಇರೋ ಜಾಗದಲ್ಲೇ ಒಮ್ಮೆ ‘ಕಿ’ ಅನ್ನಿ, ಆಮೇಲೆ ‘ಕು’ ಅನ್ನಿ. ಸ್ವರದ ಕಡೆ ಗಮನ ಬೇಡ, ಕಕಾರ ಹುಟ್ಟೋ ಜಾಗ ಗಮನಿಸಿ. ಕಿ ಅಂದಾಗ ನಾಲಗೆ ಅಂಗುಳಿಗೆ ತಗಲೋದು ಮುಂದಕ್ಕೆ. ಕು ಅಂದಾಗ ಹಿಂದಕ್ಕೆ, ಗಂಟಲ ಕಡೆಗೆ. ಎರಡೂ ಕಕಾರವೇ, ಒಂದೇ ಅಕ್ಷರವೇ. ಆದರೆ ಮುಂದೆ ಬರೋ ಇಕಾರ ತನ್ನ ಕಡೆಗೆ ಒಂದು ಕಕಾರವನ್ನು ಎಳೆದುಕೊಂಡಿದೆ, ಉಕಾರ ಇನ್ನೊಂದನ್ನು ಎಳೆದುಕೊಂಡಿದೆ. ಮೊದಲನೆಯದು ಮೆದುವಿನ ಕಡೆಗೆ ವಾಲಿದ ಕಕಾರ, ಎರಡನೆಯದು ಗಡುಸಿನ ಕಡೆಗೆ ವಾಲಿದ್ದು. ಅಂದರೆ ಮೆದು ವ್ಯಂಜನ ಕನ್ನಡದ ಬಾಯಿಗೆ ಹೊಸದಲ್ಲ. ದಿನಕ್ಕೆ ಸಾವಿರ ಸಲ ಹೇಳ್ತೀವಿ, ಗೊತ್ತಿಲ್ಲದೆ ಹೇಳ್ತೀವಿ.

ಈ ಎಳೆತ ಎಷ್ಟು ಬಲವಾದದ್ದು ಅನ್ನೋದಕ್ಕೆ ಪಕ್ಕದ ಮನೆಯಲ್ಲೇ ಸಾಕ್ಷಿ ಇದೆ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ನಮ್ಮ ಕೆರೆ ಅವರಿಗೆ ಚೆರುವು. ಇಕಾರ-ಎಕಾರಗಳ ಹಿಂದಿದ್ದ ಕಕಾರ ಮುಂದಕ್ಕೆ ಜರುಗಿ ಜರುಗಿ ಅಲ್ಲಿ ಚಕಾರವೇ ಆಗಿಹೋಯಿತು. ಕನ್ನಡ ಮಾತ್ರ ಕಕಾರವನ್ನು ಬಿಟ್ಟುಕೊಡಲಿಲ್ಲ. ರಷ್ಯನ್ನಿನ ಹಿಂದಿನ ಭಾಷೆಯಲ್ಲೂ ಇಂಥದ್ದೇ ಆಗಿದೆ. ‘ರೂಕಾ’ ಅಂದರೆ ಕೈ, ಅದರಿಂದ ಹುಟ್ಟಿದ ‘ರೂಚ್ಕ’ ಅಂದರೆ ಪುಟ್ಟ ಕೈ, ಪೆನ್ನು ಕೂಡ.

ವ್ಯತ್ಯಾಸ ಇರೋದು ಒಂದೇ ಕಡೆ. ಕನ್ನಡದಲ್ಲಿ ಮೆದುತನ ಸ್ವರದ ಆಸ್ತಿ. ಇಕಾರ ಬಂದಾಗ ಬರುತ್ತೆ, ಹೋದಾಗ ಹೋಗುತ್ತೆ. ರಷ್ಯನ್ನಿನಲ್ಲಿ ಅದು ವ್ಯಂಜನದ ಸ್ವಂತ ಆಸ್ತಿ. ಸ್ವರ ಯಾವುದೇ ಇರಲಿ, ಸ್ವರವೇ ಇಲ್ಲದೆ ಪದ ಅಲ್ಲಿಗೇ ಮುಗಿಯಲಿ, ಮೆದುತನ ಉಳಿದಿರುತ್ತೆ. ಊಗಲ್’ ಅನ್ನುವಾಗ ತುದಿನಾಲಗೆ ಮಾಮೂಲಿನ ಹಾಗೆ ಲಕಾರ ಮಾಡ್ತಾ ಇರುತ್ತೆ, ಅದೇ ಹೊತ್ತಿಗೆ ನಾಲಗೆಯ ನಡುಭಾಗ ಇಕಾರಕ್ಕೆ ಏಳುವಷ್ಟು ಮೇಲೆದ್ದಿರುತ್ತೆ. ಇಲ್ಲಿ ಮುಖ್ಯವಾದ ಮಾತು ‘ಅದೇ ಹೊತ್ತಿಗೆ’. ಮೊದಲು ಲ್, ಆಮೇಲೆ ಯ್ ಅಲ್ಲ. ಎರಡೂ ಒಟ್ಟಿಗೆ, ಒಂದೇ ಶಬ್ದ.

ಇದು ಅರ್ಥ ಆಗಲ್ಲ ಅನ್ನೋ ಕನ್ನಡಿಗ ತನ್ನ ಮಹಾಪ್ರಾಣ ನೆನಪಿಸಿಕೊಳ್ಳಲಿ. ಖ ಅಂದರೆ ಕ್ ಆದ ಮೇಲೆ ಹ ಅಲ್ಲ. ಅದು ಉಸಿರು ತುಂಬಿದ ಒಂದೇ ವ್ಯಂಜನ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಅಕ್ಷರ ಬೇಕು, ಕೆ ಒಂದು, ಎಚ್ ಒಂದು. ಅದನ್ನು ನೋಡಿದ ವಿದೇಶಿಯರು ಕೆ ಆದ ಮೇಲೆ ಎಚ್ ಅಂತ ಒಡೆದು ಓದಿದರೆ ನಾವು ಒಪ್ತೀವಾ? ಮೆದು ಲಕಾರವನ್ನು ನಾವು ‘ಲ್ಯ’ ಅಂತ ಒಡೆಯೋದೂ ಅದೇ ತಪ್ಪು. ಇಂಗ್ಲಿಷಿನವರು ನಮ್ಮ ಖಕಾರಕ್ಕೆ ಮಾಡಿದ್ದನ್ನು ನಾವು ಅವರ ಪುಸ್ತಕ ಹಿಡಿದುಕೊಂಡು ರಷ್ಯನ್ನಿಗೆ ಮಾಡ್ತಾ ಇದ್ದೀವಿ.

“ಅಷ್ಟೆಲ್ಲ ಸೂಕ್ಷ್ಮ ಯಾರು ನೋಡ್ತಾರೆ ಬಿಡಿ ಸಾರ್, ಯ-ಒತ್ತು ಹಾಕಿದ್ರೆ ಹತ್ತಿರ ಹತ್ತಿರ ಬರುತ್ತೆ” ಅಂತ ಕೋಚಿಂಗಿನವರು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಟೆಸ್ಟಿಂಗ್ ತಂಡದ ಹಿರಿಯಾಕೆ ಒಬ್ಬರು ಒಂದು ದಿನ ಕಾಲ್ ಮುಗಿದ ಮೇಲೆ ಎರಡು ಪದ ಕೊಟ್ಟು ನನ್ನ ಬಾಯಿ ಮುಚ್ಚಿಸಿದರು. ಮಂಜುಗಡ್ಡೆಗೆ ‘ಲ್’ಓತ್’. ಸುರಿಯುತ್ತಾನೆ ಅನ್ನೋದಕ್ಕೆ ‘ಲ್’ಯೋತ್’. ಮೊದಲನೆಯದರಲ್ಲಿ ಮೆದು ಲಕಾರ, ಕೂಡಲೇ ಓಕಾರ. ಎರಡನೆಯದರಲ್ಲಿ ಮೆದು ಲಕಾರ, ಅದರ ಮೇಲೆ ನಿಜವಾದ ಯಕಾರ, ಆಮೇಲೆ ಓಕಾರ. ಬೇರೇನೂ ವ್ಯತ್ಯಾಸವಿಲ್ಲ.

ಮೆದುತನ ಅಂದ್ರೆ ಯ-ಒತ್ತು ಅನ್ನೋದೇ ನಿಜವಾಗಿದ್ದರೆ ಈ ಎರಡು ಪದ ಒಂದೇ ಆಗಬೇಕಿತ್ತು. ಆಗಿಲ್ಲ. ‘ಸ್’ಎಲ್’ ಅಂದರೆ ಕೂತ, ‘ಸ್ಯೆಲ್’ ಅಂದರೆ ತಿಂದ. ಇದೂ ಅದೇ ಕಥೆ. ಯ-ಒತ್ತಿನ ಪಾಠ ಕಲಿತವನು “ನಾನು ಬಂದು ಕೂತೆ” ಅನ್ನೋಕೆ ಹೋಗಿ “ನಾನು ಬಂದು ತಿಂದೆ” ಅಂದಿರ್ತಾನೆ. ರಷ್ಯನ್ ಭಾಷೆ ಯಕಾರವನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆ. ಆ ಜಾಗಕ್ಕೆ ನಾವು ಮೆದುತನವನ್ನು ತುರುಕಿದರೆ ಎರಡೂ ಕೆಡುತ್ತವೆ. ಕೋಡ್ ಬರೆಯೋರಿಗೆ ಅವರದೇ ಮಾತಲ್ಲಿ ಹೇಳಬೇಕಂದ್ರೆ, ಎರಡು ವೇರಿಯಬಲ್ಲಿಗೆ ಒಂದೇ ಹೆಸರಿಟ್ಟ ಹಾಗೆ.

ಕನ್ನಡದವರಿಗೆ ಇದು ಇನ್ನೂ ದುಬಾರಿ. ಇಂಗ್ಲಿಷಿನವರ ‘ಸಣ್ಣ ವೈ’ ನಿಜವಾಗಲೂ ಸಣ್ಣದಿರಬಹುದು. ನಮ್ಮ ಯ-ಒತ್ತು ಸಣ್ಣದಲ್ಲ. ಕನ್ಯೆ, ಧಾನ್ಯ, ಕಲ್ಯಾಣ ಅಂತ ಹೇಳಿ ನೋಡಿ. ಒತ್ತು ಬಿದ್ದ ಕಡೆ ಹಿಂದಿನ ವ್ಯಂಜನದ ಮೇಲೆ ಊರಿ, ನಿಂತು, ಯಕಾರಕ್ಕೆ ಹೋಗ್ತೀವಿ. ಒಂದೇ ಶಬ್ದ ಆಗಬೇಕಾದ ಕಡೆ ನಾವು ಎರಡೂವರೆ ಶಬ್ದ ಹೇಳಿರ್ತೀವಿ.

ಹಾಗಾದರೆ ಕನ್ನಡದಲ್ಲೇ ಇದನ್ನು ಹಿಡಿಯೋದು ಹೇಗೆ? ಚಿಕ್ಕಪ್ಪನ ಮಗನಿಗೆ ಅವತ್ತು ರಾತ್ರಿ ಫೋನಿನಲ್ಲಿ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೀತೀನಿ. ಅವನು ಇದ್ದ ಊರಿನ ಹೆಸರೇ ಒಳ್ಳೆ ಪಾಠ. ಕಜಾನ್ ಅಂತ ನಮ್ಮ ಪೇಪರುಗಳು ಬರೆದವು, 2024ರ ಅಕ್ಟೋಬರಿನಲ್ಲಿ ಬ್ರಿಕ್ಸ್ ಶೃಂಗಸಭೆ ಅಲ್ಲಿ ನಡೆದಾಗ. ರಷ್ಯನ್ನಿನಲ್ಲಿ ಅದರ ಕೊನೆಯ ನಕಾರ ಮೆದು, ಕಜಾನ್’. ನಾಲ್ಕು ತಿಂಗಳಿಂದ ಆ ಊರಲ್ಲಿದ್ದವನಿಗೆ ಆ ಊರಿನ ಹೆಸರು ಹೇಳೋಕೆ ಬರ್ತಿರಲಿಲ್ಲ.

“ಲೋ, ಖಜಾಂಚಿ ಅನ್ನು” ಅಂದೆ.

“ಕಜಾಂಚಿ.”

“ನಿಧಾನಕ್ಕೆ ಅನ್ನು. ಚಿ ಬರೋಕ್ಕೆ ಮುಂಚೆ ನಿಲ್ಲಿಸು.”

“ಕಜಾಂ...”

“ಈಗ ನಾಲಗೆ ಎಲ್ಲಿದೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಲ್ಲಿನ ಹಿಂದೆ ಅಲ್ಲಣ್ಣ. ಅಗಲಕ್ಕೆ ಅಂಗುಳಿಗೆ ಅಂಟಿಕೊಂಡೈತೆ.”

ಅದೇ ಮೆದು ನಕಾರ. ಕನ್ನಡದಲ್ಲಿ ಸೊನ್ನೆ ಮುಂದಿನ ಅಕ್ಷರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ದಂತದಲ್ಲಿ ಅದು ನ್, ಗಂಟೆಯಲ್ಲಿ ಣ್, ಪಂಚೆಯಲ್ಲಿ ಞ್. ನಮ್ಮ ವರ್ಣಮಾಲೆಯಲ್ಲಿ ಯಾರಿಗೂ ಬೇಡವಾಗಿ ಕೂತಿರೋ ಆ ಞ ಅಕ್ಷರ ರಷ್ಯನ್ನಿನ ಮೆದು ನಕಾರಕ್ಕೆ ಬಹಳ ಹತ್ತಿರದ್ದು. ಜಕಾರವನ್ನು ಝೀರೋದಲ್ಲಿ ಬರೋ ಹಾಗೆ ಹಲ್ಲಿನ ನಡುವೆ ಸುಯ್ ಅನ್ನಿಸಿ, ಚಿ ನುಂಗಿಬಿಟ್ಟರೆ, ಖಜಾಂಚಿಯೇ ಕಜಾನ್’. ಇದನ್ನು ಹೇಳಿಕೊಡೋಕೆ ನನಗೆ ಇಂಗ್ಲಿಷಿನ ಒಂದು ಪದವೂ ಬೇಕಾಗಲಿಲ್ಲ.

ಲಕಾರಕ್ಕೆ ಇಂಥ ಸಿದ್ಧ ಅಕ್ಷರ ಇಲ್ಲ. ಅಲ್ಲಿ ಇಕಾರದ ಸಹಾಯ ಬೇಕು. ‘ಲಿ’ ಅನ್ನಿ. ಇನ್ನೊಂದು ಸಲ ಅನ್ನುವಾಗ ತುದಿನಾಲಗೆಯನ್ನು ಬಿಡಿಸದೆ, ‘ಇ’ ಅನ್ನೋಕೆ ಬಾಯಿ ರೆಡಿ ಇಟ್ಟುಕೊಂಡು, ಲಕಾರವನ್ನೇ ಎಳೀರಿ. ಈಗ ಬರ್ತಾ ಇರೋದು ಮೆದು ಲಕಾರ. ಅದರ ಹಿಂದೆ ‘ಊಗ’ ಇಟ್ಟರೆ ಇದ್ದಿಲು ಸಿಕ್ಕಿತು. ತಕಾರಕ್ಕೂ ಹೀಗೇ. ‘ತಿ’ ಅನ್ನಿ, ಇಕಾರದ ದನಿ ತೆಗೆದುಹಾಕಿ, ಪಿಸುಮಾತಿನಷ್ಟು ಉಸಿರು ಮಾತ್ರ ಉಳಿಸಿ. ರಷ್ಯನ್ನರ ಮೆದು ತಕಾರದಲ್ಲಿ ಕೊನೆಗೆ ಸಣ್ಣದೊಂದು ಸಕಾರದ ಸುಯ್ಲು ಇರುತ್ತೆ, ಅದು ತಾನಾಗೇ ಬರುತ್ತೆ. ಬಂದರೆ ಗಾಬರಿ ಬೇಡ, ಸರಿಯಾಗಿದೆ ಅಂತಲೇ ಅರ್ಥ.

ಇಲ್ಲಿ ಕನ್ನಡದವರು ಜಾರೋ ಜಾಗ ಒಂದಿದೆ. ವ್ಯಂಜನದಲ್ಲಿ ಮಾತು ಮುಗಿಸೋದು ನಮಗೆ ಆಗಿಬರಲ್ಲ. ಬಸ್ಸು, ಕಾರು, ರೈಲು, ಪೇಜು, ಎಲ್ಲಕ್ಕೂ ಒಂದು ಉಕಾರ ಅಂಟಿಸಿ ಸಮಾಧಾನ ಪಡ್ತೀವಿ. ಮೆದು ವ್ಯಂಜನಕ್ಕೆ ಉಕಾರ ಅಂಟಿತೋ, ಅದು ನಾಲಗೆಯ ಹಿಂಭಾಗ ಎತ್ತಿಸಿ ಮೆದುತನವನ್ನೇ ಕೊಲ್ಲುತ್ತೆ. ಯಕಾರದಲ್ಲಿ ಮುಗಿಯೋ ನಮ್ಮ ಹಳೆಯ ಪದಗಳಿಗೆ ಮಾತ್ರ ನಾವು ಉಕಾರ ಅಂಟಿಸಿಲ್ಲ, ಇಕಾರ ಅಂಟಿಸಿದ್ದೀವಿ. ನಾಯ್ ನಾಯಿ ಆಯಿತು, ತಾಯ್ ತಾಯಿ ಆಯಿತು, ‘ನಾಯು’, ‘ತಾಯು’ ಆಗಲಿಲ್ಲ. ಯಾವ ಶಬ್ದದ ಜೊತೆ ಯಾವ ಸ್ವರ ಹೊಂದುತ್ತೆ ಅಂತ ಕನ್ನಡದ ಕಿವಿಗೆ ಗೊತ್ತಿದೆ. ಪಾಠ ಮಾಡೋರಿಗೆ ಗೊತ್ತಿಲ್ಲ.

ಸರಿಯಾಗಿ ಬಂತಾ ಇಲ್ವಾ ಅಂತ ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ಮೆದು ಲಕಾರವನ್ನೋ ನಕಾರವನ್ನೋ ಮೂರು ಸೆಕೆಂಡ್ ಎಳೆದು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದೇ ಶಬ್ದ ಆದರೆ ಮೊದಲಿಂದ ಕೊನೆವರೆಗೂ ಒಂದೇ ಥರ ಇರುತ್ತೆ. ಮಧ್ಯದಲ್ಲೆಲ್ಲೋ ಲ್ ಮುಗಿದು ಯ್ ಶುರುವಾದ ಜಾಗ ಸಿಕ್ಕಿದರೆ ನೀವು ಹೇಳಿದ್ದು ಯ-ಒತ್ತು. ಇದು ಎಳೆಯೋಕೆ ಬರೋ ವ್ಯಂಜನಗಳಿಗೆ ಮಾತ್ರ ನಡೆಯುತ್ತೆ. ತ, ದ, ಪ, ಬಗಳನ್ನು ಎಳೆಯೋಕಾಗಲ್ಲ, ಅಲ್ಲಿ ರಷ್ಯನ್ ಬಲ್ಲವರ ಕಿವಿಯೇ ಗತಿ.

ಮೆದು ಕಲಿತ ಮೇಲೆ ಗಡುಸು ಸುಲಭ ಅಂದುಕೊಳ್ಳಬೇಡಿ. ರಷ್ಯನ್ ಗಡುಸು ಲಕಾರಕ್ಕೆ ನಾಲಗೆಯ ಹಿಂಭಾಗ ಉಕಾರಕ್ಕೆ ಎದ್ದ ಹಾಗೆ ಸ್ವಲ್ಪ ಮೇಲೆದ್ದಿರುತ್ತೆ, ದನಿ ದಪ್ಪವಾಗುತ್ತೆ. ನಮ್ಮ ಲಕಾರ ಎರಡರ ನಡುವಿನದು. ಬರಿಯ ಕನ್ನಡ ಲಕಾರದಲ್ಲಿ ಊಗಲ್ ಅಂದರೆ ಮೂಲೆಯೂ ಸರಿಯಾಗಿ ಆಗಲ್ಲ, ಇದ್ದಿಲೂ ಸರಿಯಾಗಿ ಆಗಲ್ಲ. ನಮ್ಮ ಹುಡುಗನಿಗೆ ಯಾರೋ ‘ರಷ್ಯನ್ ಲಕಾರ ದಪ್ಪ’ ಅಂತ ಹೇಳಿದ್ದರಿಂದ ಅವನು ಎಲ್ಲ ಲಕಾರಕ್ಕೂ ದಪ್ಪ ಬಳಿದಿದ್ದ. ಅದಕ್ಕೇ ಆಕೆ ಮೂಲೆ ನೋಡಿದ್ದು. ಕೆಲವರು ಜಾಣತನ ಮಾಡಿ ಗಡುಸಿಗೆ ಳಕಾರ, ಮೆದುವಿಗೆ ಲಕಾರ ಇಟ್ಟುಕೊಳ್ತಾರೆ. ಅದೂ ಬೇಡ. ಳಕಾರಕ್ಕೆ ತುದಿನಾಲಗೆ ಹಿಂದಕ್ಕೆ ಮಡಚಬೇಕು. ರಷ್ಯನ್ ಗಡುಸು ಲಕಾರದಲ್ಲಿ ತುದಿನಾಲಗೆ ಹಲ್ಲಿಗೆ ಅಂಟಿಕೊಂಡೇ ಇರುತ್ತೆ, ಕೆಲಸ ಮಾಡೋದು ಹಿಂಭಾಗ. ‘ಲು’ ಅನ್ನೋಕೆ ಹೊರಟು ಉಕಾರ ಬಿಡದೆ ಲಕಾರ ಎಳೆದರೆ ಹತ್ತಿರ ಬರ್ತೀರಿ.

ಇಲ್ಲಿವರೆಗೆ ಇಂಗ್ಲಿಷ್ ದಾರಿಯವರನ್ನು ಬೈದಿದ್ದಾಯ್ತು. ಕನ್ನಡದ ಹೆಸರಲ್ಲಿ ಎದೆ ತಟ್ಟೋರದ್ದೂ ಸ್ವಲ್ಪ ಬಾಕಿ ಇದೆ. “ಜಗತ್ತಿನ ಯಾವ ಭಾಷೆಯ ಯಾವ ಶಬ್ದವನ್ನಾದರೂ ಕನ್ನಡ ಲಿಪಿಯಲ್ಲಿ ಬರೆಯಬಹುದು” ಅನ್ನೋ ಮಾತು ರಾಜ್ಯೋತ್ಸವದ ವಾಟ್ಸಾಪ್ ಫಾರ್ವರ್ಡಿನಲ್ಲಿ ವರ್ಷಾ ಬರುತ್ತೆ. ಬರೆಯಿರಿ ನೋಡೋಣ, ಇದ್ದಿಲನ್ನು. ಊಗಲ್, ಊಗಲಿ, ಊಗಲ್ಯ, ಮೂರೂ ತಪ್ಪು. ಈ ಲೇಖನಕ್ಕೆ ನಾನು ಒಂದು ಗೀಟು ಹೊಸದಾಗಿ ಹುಟ್ಟಿಸಬೇಕಾಯಿತು.

ಬರೆಯೋಕೆ ಬರೋದನ್ನಾದರೂ ಸರಿಯಾಗಿ ಬರೀತೀವಾ? ಪುಟಿನ್ ಅಂತ ಬರೀತೀವಿ, ಟಕಾರ ಹಾಕಿ. ರಷ್ಯನ್ನಿನ ತಕಾರ ಹುಟ್ಟೋದು ಹಲ್ಲಿನ ಹತ್ತಿರ, ನಾಲಗೆ ಮಡಚಿ ಅಲ್ಲ. ಅವರ ಹೆಸರು ಪೂತ್’ಇನ್. ಗೀಟು ಬಿಟ್ಟರೂ ‘ಪೂತಿನ್’ ಅಂತ ಬರೆಯಬಹುದಿತ್ತು. ಟಾಲ್‌ಸ್ಟಾಯ್ ಅವರದ್ದು ‘ತಲ್ಸ್ತೋಯ್’ಗೆ ಹತ್ತಿರ. ಎರಡೂ ತಕಾರ ನಮ್ಮ ಹತ್ತಿರ ಇತ್ತು. ಆದರೆ ಹೆಸರುಗಳು ರೋಮನ್ ಅಕ್ಷರದಲ್ಲಿ ಬಂದವು, ರೋಮನ್ ಟೀ ಕಂಡರೆ ಟಕಾರ ಬರೆಯೋದು ನಮಗೆ ಅಭ್ಯಾಸ. ಲಿಪಿಯ ಹೆಮ್ಮೆ ಕನ್ನಡದ್ದು, ಕಿವಿ ಮಾತ್ರ ಇಂಗ್ಲಿಷಿನದು.

ತಮಾಷೆ ಏನಂದ್ರೆ, ಹೆಮ್ಮೆ ಪಡಬೇಕಾದ ಕಡೆ ನಮಗೆ ಗೊತ್ತೇ ಇಲ್ಲ. ರಷ್ಯನ್ನಿನಲ್ಲಿ ಯಾವಾಗಲೂ ಗಡುಸಾಗೇ ಇರೋ ಒಂದು ಅಕ್ಷರ ಇದೆ, ಅದು ನಮ್ಮ ಷ. ಯಾವಾಗಲೂ ಮೆದುವಾಗೇ ಇರೋ ಇನ್ನೊಂದಿದೆ, ಅದು ನಮ್ಮ ಶ, ಸ್ವಲ್ಪ ಉದ್ದವಾಗಿ, ಶ್ಶ. ‘ಹರಷೋ’ ಅಂದರೆ ಚೆನ್ನಾಗಿದೆ, ಅದರದ್ದು ಷ. ‘ಬೋರ್ಶ್ಶ್’ ಅಂದರೆ ಅವರ ಬೀಟ್ರೂಟ್ ಸಾರು, ಅದರದ್ದು ಶ. ಇಂಗ್ಲಿಷಿನವರಿಗೆ ಈ ಎರಡನ್ನು ಬೇರೆ ಮಾಡೋಕೆ ಅಕ್ಷರವಿಲ್ಲ. ನಮಗೆ ಶಂಖದ ಶ, ಷಟ್ಕೋಣದ ಷ ಅಂತ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಮಾತಲ್ಲಿ ನಾವು ಅದನ್ನು ಕಳಕೊಂಡು ಎಷ್ಟೋ ಕಾಲವಾಯಿತು. ರಷ್ಯನ್ನರ ಬಾಯಲ್ಲಿ ಅದು ಬದುಕಿದೆ. ನಮ್ಮ ಕೋಚಿಂಗ್ ಹಾಳೆಯಲ್ಲಿ ಮಾತ್ರ ಎರಡಕ್ಕೂ ಇಂಗ್ಲಿಷಿನ ಎಸ್ ಮತ್ತು ಎಚ್.

ನನ್ನ ಜಗಳ ಇಷ್ಟೇ. ಕನ್ನಡದ ಹುಡುಗ ಹುಡುಗಿಯರಿಗೆ ರಷ್ಯನ್ ಕಲಿಸೋಕೆ ದುಡ್ಡು ತಗೊಳ್ಳೋರು ಖಜಾಂಚಿಯಿಂದ ಶುರು ಮಾಡಲಿ. ಕಿ ಮತ್ತು ಕು ಹೇಳಿಸಲಿ. ಮಹಾಪ್ರಾಣದ ಉದಾಹರಣೆ ಕೊಡಲಿ. ಎಲ್ಲಿ ಕನ್ನಡ ಸಾಲಲ್ಲ, ಅಲ್ಲಿ ಸಾಲಲ್ಲ ಅಂತ ಹೇಳಲಿ. ಇದಕ್ಕೆ ಒಂದು ಗಂಟೆ ಸಾಕು. ಆ ಒಂದು ಗಂಟೆ ಉಳಿಸೋಕೆ ಅವರು ಕೊಡೋ ‘ಸಣ್ಣ ವೈ’ಯನ್ನು ಬಾಯಿಂದ ಕಿತ್ತು ಹಾಕೋಕೆ ನನಗೆ ವರ್ಷವೇ ಹಿಡಿಯಿತು.

ಇದು ಉಚ್ಚಾರಣೆಯ ಶೋಕಿ ಅಲ್ಲ. ರಷ್ಯನ್ನಿನಲ್ಲಿ ‘ಗವರೀತ್’ ಅಂದರೆ ಮಾತಾಡ್ತಾನೆ, ‘ಗವರೀತ್’’ ಅಂದರೆ ಮಾತಾಡೋದು. ಕ್ರಿಯಾಪದದ ವ್ಯಾಕರಣವೇ ಆ ಗೀಟಿನ ಮೇಲೆ ನಿಂತಿದೆ. ಮುಂದಿನ ವರ್ಷಗಳಲ್ಲಿ ನಮ್ಮ ಹುಡುಗ ವಾರ್ಡಿಗೆ ಹೋಗ್ತಾನೆ. ಅಲ್ಲಿ ಮಲಗಿರೋ ಅಜ್ಜಿಗೆ ಇಂಗ್ಲಿಷ್ ಬರಲ್ಲ. ‘ಕ್ರೋಫ್’’ ಅಂದರೆ ರಕ್ತ, ‘ಕ್ರೋಫ್’ ಅಂದರೆ ತಲೆ ಮೇಲಿನ ಸೂರು. ಸಂದರ್ಭ ನೋಡಿ ಅಜ್ಜಿ ಅರ್ಥ ಮಾಡಿಕೊಳ್ಳಬಹುದು, ನಿಜ. ಆದರೆ ನೋವಲ್ಲಿರೋರ ಹತ್ತಿರ ನಮ್ಮ ತಪ್ಪನ್ನು ತಿದ್ದಿಕೊಳ್ಳೋ ಕೆಲಸವನ್ನೂ ಯಾಕೆ ಮಾಡಿಸಬೇಕು?

ಹೋದ ವಾರ ಅವನು ಮತ್ತೆ ಫೋನ್ ಮಾಡಿದ್ದ. ಈ ಸಲ ಹೊಟ್ಟೆ ಚೆನ್ನಾಗೇ ಇತ್ತಂತೆ. ಆದರೂ ಅದೇ ಅಂಗಡಿಗೆ ಹೋಗಿ, ಮೊಬೈಲು ಜೇಬಲ್ಲೇ ಇಟ್ಟುಕೊಂಡು, ಬಾಯಲ್ಲೇ ಕೇಳಿದನಂತೆ.

“ಮೂಲೆ ನೋಡಿದ್ರಾ?” ಅಂದೆ.

“ಇಲ್ಲಣ್ಣ. ಎಷ್ಟು ಮಾತ್ರೆ ಬೇಕು ಅಂದ್ರು.”